ಟೀಮ್ ಲೀಡ್ ಕಳಿಸಿದ ಮೆಸೇಜನ್ನು ಹೊಸಬರಿಗೆ ಕನ್ನಡದಲ್ಲಿ ತಿಳಿಸುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಟೀಮಿಗೆ ಹೊಸದಾಗಿ ಸೇರಿದ ಹುಡುಗನಿಗೋ ಹುಡುಗಿಗೋ ಕೆಲಸ ಗೊತ್ತಿರುತ್ತದೆ, ಪಠ್ಯಪುಸ್ತಕದ ಇಂಗ್ಲಿಷೂ ಬರುತ್ತದೆ. ಆದರೆ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೂತ ಲೀಡ್ ಚಾಟಿನಲ್ಲಿ ಬರೆಯುವ ಇಂಗ್ಲಿಷ್ ಯಾವ ಪುಸ್ತಕದಲ್ಲೂ ಇಲ್ಲ. ಹೊಸಬರು ಪಕ್ಕದ ಸೀಟಿಗೆ ತಿರುಗಿ, 'ಅಕ್ಕಾ, ಇದರಾಗ ನಾನು ಏನ್ ಮಾಡ್ಬೇಕ್ರಿ?' ಎಂದು ಕೇಳುತ್ತಾರೆ. ಆ ಪಕ್ಕದ ಸೀಟಿನವರು ನೀವಾಗಿದ್ದರೆ ಈ ಬರಹ ನಿಮಗೆ.

ಹೊಸಬರು ಕೇಳಿದ ಪ್ರಶ್ನೆಯಲ್ಲೇ ಉತ್ತರದ ದಾರಿಯೂ ಇದೆ. ಅವರು ಪದಗಳ ಅರ್ಥ ಕೇಳುತ್ತಿಲ್ಲ, ಏನು ಮಾಡಬೇಕು ಎಂದು ಕೇಳುತ್ತಿದ್ದಾರೆ. ಹಾಗಾಗಿ ನಿಮ್ಮ ಕನ್ನಡ ನಾಲ್ಕು ವಿಷಯ ಹೇಳಿದರೆ ಸಾಕು: ಯಾವ ಕೆಲಸ, ಯಾರು ಮಾಡಬೇಕು, ಎಷ್ಟು ಹೊತ್ತಿನೊಳಗೆ, ಮಾಡಲೇಬೇಕೋ ಅಥವಾ ಮಾಡಿದರೆ ಒಳ್ಳೆಯದೋ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಷ್ಟೇ ಸೊಗಸಾದ ಕನ್ನಡ ಬರೆದರೂ ಉಪಯೋಗವಿಲ್ಲ.

ಒಂದೇ ಮೆಸೇಜನ್ನು ಹಿಡಿದು ಕೊನೆಯವರೆಗೆ ಹೋಗೋಣ. ಬಳ್ಳಾರಿಯ ಒಂದು ಸಣ್ಣ ಸಾಫ್ಟ್‌ವೇರ್ ಸಪೋರ್ಟ್ ಟೀಮ್ ಎಂದುಕೊಳ್ಳಿ. ಅಕ್ಕಿ ಗಿರಣಿಗಳ ವೇಬ್ರಿಡ್ಜ್‌ನಲ್ಲಿ, ಅಂದರೆ ಲಾರಿ ತೂಗುವ ಕಾಟಾದಲ್ಲಿ, ಬಂದ ತೂಕವನ್ನು ರಿಪೋರ್ಟ್ ಮಾಡಿ ಕೊಡುವ ಸಾಫ್ಟ್‌ವೇರನ್ನು ಇವರು ನೋಡಿಕೊಳ್ಳುತ್ತಾರೆ. ಕಾರಟಗಿಯಿಂದ ಬಂದು ಕೆಲಸಕ್ಕೆ ಸೇರಿದ ಹುಡುಗಿಗೆ ಲೀಡ್‌ನಿಂದ ಬಂದ ಮೆಸೇಜ್ ಹೀಗಿದೆ:

```
Hey, heads up - client flagged the weighbridge report again.
Can you take a stab at the RCA and revert by EOD?
Looks like yesterday's PR broke it, might want to revert that on staging first.
Prod is fine so no fire drill. Don't boil the ocean.
Loop in QA, and let's take the export thing offline.
Ping me if you're blocked.
```

ಶುರು ಮಾಡುವ ಮುಂಚೆ ಬೇಕಾದದ್ದು

ಹೊಸಬರು ನಿಮಗೆ ತೋರಿಸುವುದು ಸಾಮಾನ್ಯವಾಗಿ ಒಂದೇ ಸಾಲನ್ನು. ಅದನ್ನು ಮಾತ್ರ ನೋಡಿ ಅರ್ಥ ಹೇಳಲು ಹೋಗಬೇಡಿ, ಇಡೀ ಥ್ರೆಡ್ ತೆರೆಯಿರಿ. ಥ್ರೆಡ್ ಎಂದರೆ ಒಂದೇ ವಿಷಯದ ಕೆಳಗೆ ಬಂದ ಎಲ್ಲ ಉತ್ತರಗಳ ಸಾಲು. ಮೇಲಿನ ಮೆಸೇಜಿನಲ್ಲಿರುವ ‘ಎಕ್ಸ್‌ಪೋರ್ಟ್ ವಿಷಯ’ ಯಾವುದು ಎಂಬುದು ಹಿಂದಿನ ದಿನದ ಮಾತಿನಲ್ಲಿ ಇರುತ್ತದೆ. ಜೊತೆಗೆ ಆ ಕೆಲಸದ ಟಿಕೆಟ್, ಅಂದರೆ ದೂರನ್ನು ನಂಬರ್ ಕೊಟ್ಟು ದಾಖಲಿಸಿದ ಪುಟ, ತೆರೆದಿಟ್ಟುಕೊಳ್ಳಿ. ಲೀಡ್ ಯಾವ ಊರಿನಲ್ಲಿ ಕೂತಿದ್ದಾರೆ, ಕ್ಲೈಂಟ್ ಯಾವ ದೇಶದವರು ಎಂಬುದೂ ಗೊತ್ತಿರಬೇಕು. ಅದರ ಅಗತ್ಯ ಏನೆಂದು ಮೂರನೇ ಹಂತದಲ್ಲಿ ತಿಳಿಯುತ್ತದೆ.

ಮೆಸೇಜಿನ ಕೊನೆಗೆ ‘ಎಡಿಟೆಡ್’ ಎಂಬ ಗುರುತು ಇದೆಯೇ ನೋಡಿ. ಬೆಳಿಗ್ಗೆ ಬರೆದದ್ದನ್ನು ಲೀಡ್ ಮಧ್ಯಾಹ್ನ ತಿದ್ದಿರಬಹುದು. ಹೊಸಬರು ಓದಿದ್ದು ಹಳೆಯದು, ನೀವು ಓದುತ್ತಿರುವುದು ಹೊಸದು ಆಗಿದ್ದರೆ ಇಬ್ಬರೂ ಬೇರೆ ಬೇರೆ ಕೆಲಸದ ಬಗ್ಗೆ ಮಾತಾಡುತ್ತಿರುತ್ತೀರಿ.

ಕನ್ನಡದಲ್ಲಿ ಬರೆದು ಕೊಡುವುದಾದರೆ ಆಫೀಸಿನ ಚಾಟಿನಲ್ಲೇ, ಹೊಸಬರಿಗೆ ಮಾತ್ರ ಕಾಣುವ ನೇರ ಮೆಸೇಜಿನಲ್ಲಿ ಬರೆಯಿರಿ. ಸ್ಕ್ರೀನ್‌ಶಾಟ್ ತೆಗೆದು ಸ್ವಂತ ವಾಟ್ಸಾಪಿಗೆ ಕಳಿಸಿಕೊಳ್ಳಬೇಡಿ. ಅದರಲ್ಲಿ ಕ್ಲೈಂಟಿನ ಹೆಸರು, ಸರ್ವರಿನ ವಿವರ ಇರುತ್ತದೆ. ಒಮ್ಮೆ ಹೊರಗೆ ಹೋದರೆ ಹೊಣೆ ಕಳಿಸಿದವರ ಮೇಲೇ ಬರುತ್ತದೆ.

ಹಂತ 1: ಸಾಲು ಬಿಡಿಸಿ, ಜಾತಿ ಗುರುತಿಸಿ

ಮೆಸೇಜಿನಲ್ಲಿರುವ ಪ್ರತಿ ಮಾತೂ ಕೆಲಸವಲ್ಲ. ಕೆಲವು ಬರೀ ತಿಳಿವಳಿಕೆಗೆ, ಕೆಲವು ಮಾಡಬೇಕಾದದ್ದು, ಕೆಲವು ಮಾಡಬಾರದ್ದು. ಒಂದು ಹಾಳೆಯ ಮೇಲೆ ಮೂರು ಭಾಗ ಮಾಡಿ ಹಂಚಿಬಿಡಿ.

ತಿಳಿವಳಿಕೆಗೆ ಹೇಳಿದ್ದು ಎರಡು: ಕ್ಲೈಂಟ್ ಮತ್ತೆ ದೂರು ಕೊಟ್ಟಿದ್ದಾರೆ, ಗ್ರಾಹಕರು ಬಳಸುವ ಅಸಲಿ ವ್ಯವಸ್ಥೆ ಸರಿಯಾಗಿದೆ. ಮಾಡಬೇಕಾದದ್ದು ಮೂರು: ಆರ್‌ಸಿಎ, ಅಂದರೆ ತಪ್ಪಿನ ಮೂಲ ಕಾರಣ ಹುಡುಕಿ ಬರೆದು ತಿಳಿಸುವುದು, ನಿನ್ನೆಯ ಬದಲಾವಣೆಯನ್ನು ಪರೀಕ್ಷೆಗೆ ಇಟ್ಟುಕೊಂಡ ನಕಲಾದ ಸ್ಟೇಜಿಂಗ್‌ನಲ್ಲಿ ಹಿಂದಕ್ಕೆ ತೆಗೆಯುವುದು, ಪರೀಕ್ಷಿಸಿ ನೋಡುವ ತಂಡವಾದ ಕ್ಯೂಎಯವರನ್ನು ಸೇರಿಸಿಕೊಳ್ಳುವುದು. ಮಾಡಬಾರದ್ದು ಎರಡು: ಇಡೀ ರಿಪೋರ್ಟ್ ವ್ಯವಸ್ಥೆಯನ್ನೇ ಸರಿಪಡಿಸಲು ಹೊರಡುವುದು, ಅದೇ ‘ಬಾಯ್ಲ್ ದಿ ಓಷನ್’, ಎಕ್ಸ್‌ಪೋರ್ಟ್ ವಿಷಯವನ್ನು ಇದೇ ಥ್ರೆಡ್‌ನಲ್ಲಿ ಎಳೆಯುವುದು. ಕೊನೆಯ ಸಾಲು ಒಂದು ಅನುಮತಿ: ಕೆಲಸ ನಿಂತುಹೋದರೆ ಕೇಳಬಹುದು.

ಇಷ್ಟು ಹಂಚಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸಬರ ಗಾಬರಿಗೆ ಮುಖ್ಯ ಕಾರಣ, ಆರು ಸಾಲಿನಲ್ಲಿ ಹತ್ತು ಕೆಲಸ ಇವೆ ಎಂದು ಅಂದುಕೊಳ್ಳುವುದು. ಇರುವುದು ಮೂರೇ.

ಹಂತ 2: ಎರಡು ಅರ್ಥದ ಪದಗಳನ್ನು ಮೊದಲು ಹಿಡಿಯಿರಿ

ಗೊತ್ತಿಲ್ಲದ ಪದದಿಂದ ಅಪಾಯ ಕಡಿಮೆ, ಯಾಕೆಂದರೆ ಹೊಸಬರು ಅದನ್ನು ಕೇಳುತ್ತಾರೆ. ಅಪಾಯ ಇರುವುದು ಗೊತ್ತಿದೆ ಎಂದುಕೊಂಡ ಪದದಲ್ಲಿ. ಈ ಮೆಸೇಜಿನಲ್ಲಿ ‘ರಿವರ್ಟ್’ ಎಂಬ ಒಂದೇ ಪದ ಎರಡು ಸಲ ಬಂದಿದೆ, ಎರಡು ಬೇರೆ ಅರ್ಥದಲ್ಲಿ.

ಎರಡನೇ ಸಾಲಿನ ರಿವರ್ಟ್ ನಮ್ಮ ದೇಶದ ಆಫೀಸ್ ಇಂಗ್ಲಿಷ್. ‘ಉತ್ತರ ಕೊಡಿ’ ಎಂದಷ್ಟೇ ಅದರ ಅರ್ಥ. ಮೂರನೇ ಸಾಲಿನ ರಿವರ್ಟ್ ಗಿಟ್‌ನ ಮಾತು. ಗಿಟ್ ಎಂದರೆ ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂದು ದಾಖಲೆ ಇಡುವ ವ್ಯವಸ್ಥೆ. ಅಲ್ಲಿ ರಿವರ್ಟ್ ಎಂದರೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತೆಗೆಯುವುದು. ಎರಡನ್ನೂ ‘ಹಿಂದಕ್ಕೆ ತೆಗೆಯಿರಿ’ ಎಂದು ಹೇಳಿದಿರೋ, ಹುಡುಗಿ ಸಂಜೆಯೊಳಗೆ ಲೀಡ್‌ಗೆ ಏನನ್ನೂ ಬರೆಯುವುದಿಲ್ಲ, ಲೀಡ್ ಕಾಯುತ್ತಾ ಕೂರುತ್ತಾರೆ. ಎರಡನ್ನೂ ‘ಉತ್ತರ ಕೊಡಿ’ ಎಂದರೆ ಕೆಟ್ಟ ಕೋಡ್ ಸ್ಟೇಜಿಂಗ್‌ನಲ್ಲೇ ಉಳಿಯುತ್ತದೆ.

ಗುರುತಿಸುವುದು ಕಷ್ಟವಲ್ಲ. ರಿವರ್ಟ್ ಜೊತೆ ಹೊತ್ತು ಅಥವಾ ವ್ಯಕ್ತಿ ಇದ್ದರೆ (ಸಂಜೆಯೊಳಗೆ, ಕ್ಲೈಂಟಿಗೆ) ಅದು ಉತ್ತರ. ಪಿಆರ್, ಕಮಿಟ್, ಬ್ರಾಂಚ್, ಸ್ಟೇಜಿಂಗ್ ಎಂಬ ಪದ ಇದ್ದರೆ ಅದು ಕೋಡ್. ಪಿಆರ್ ಎಂದರೆ ‘ಈ ಬದಲಾವಣೆಯನ್ನು ಸೇರಿಸಿಕೊಳ್ಳಿ’ ಎಂದು ಕಳಿಸುವ ಕೋರಿಕೆ. ಕಮಿಟ್ ಎಂದರೆ ದಾಖಲೆಗೆ ಸೇರಿಸಿದ ಒಂದು ಬದಲಾವಣೆ, ಬ್ರಾಂಚ್ ಎಂದರೆ ಕೋಡ್‌ನ ಒಂದು ಕವಲು. ಎರಡೂ ಬಗೆಯ ಸುಳಿವು ಒಂದೇ ಸಾಲಿನಲ್ಲಿ ಇದ್ದರೆ ಊಹೆ ಮಾಡಬೇಡಿ, ಲೀಡನ್ನು ಕೇಳಿಸಿ.

ಕೋಡ್ ರಿವರ್ಟ್ ಆಗಿದ್ದರೆ ಯಾವ ಕಮಾಂಡ್ ಎಂಬುದನ್ನೂ ಹೇಳಿ, ಯಾಕೆಂದರೆ ‘ಹಿಂದಕ್ಕೆ ತೆಗೆಯುವುದು’ ಎಂಬ ಕನ್ನಡ ಮಾತಿಗೆ ಗಿಟ್‌ನಲ್ಲಿ ಎರಡು ದಾರಿ ಇವೆ:

```
git revert <commit-id>
git reset --hard <commit-id>
```

ಮೊದಲನೆಯದು ಹಳೆಯ ದಾಖಲೆಯನ್ನು ಮುಟ್ಟುವುದಿಲ್ಲ. ಆ ಬದಲಾವಣೆಗೆ ತದ್ವಿರುದ್ಧವಾದ ಒಂದು ಹೊಸ ಕಮಿಟ್ ಸೇರಿಸುತ್ತದೆ, ಅಷ್ಟೆ. ಎರಡನೆಯದು ಬ್ರಾಂಚನ್ನೇ ಹಿಂದಿನ ಜಾಗಕ್ಕೆ ಒಯ್ಯುತ್ತದೆ, ಕಮಿಟ್ ಮಾಡದೆ ಉಳಿದ ನಿಮ್ಮ ಕೆಲಸವನ್ನೂ ಅಳಿಸುತ್ತದೆ. ಅದನ್ನು ಹಂಚಿಕೊಂಡ ಬ್ರಾಂಚಿಗೆ ಒತ್ತಾಯದಿಂದ ಪುಶ್ ಮಾಡಿದರೆ ಬೇರೆಯವರು ಆಮೇಲೆ ಸೇರಿಸಿದ ಕೆಲಸವೂ ಆ ಬ್ರಾಂಚಿನಿಂದ ಮಾಯವಾಗುತ್ತದೆ. ಲೀಡ್ ರಿವರ್ಟ್ ಎಂದಿದ್ದರೆ ಮೊದಲನೆಯದೇ. ಗಿಟ್‌ಹಬ್ ಬಳಸುವ ಟೀಮ್ ಆದರೆ ಇನ್ನೂ ಸುಲಭ: ಈಗಾಗಲೇ ಮರ್ಜ್ ಆದ, ಅಂದರೆ ಬ್ರಾಂಚಿಗೆ ಸೇರಿಹೋದ, ಪಿಆರ್ ಪುಟದ ಕೆಳಭಾಗದಲ್ಲಿ Revert ಬಟನ್ ಇರುತ್ತದೆ, ಒತ್ತಿದರೆ ಹಿಂದಕ್ಕೆ ತೆಗೆಯುವ ಹೊಸ ಪಿಆರ್ ತಯಾರಾಗುತ್ತದೆ. ಅದನ್ನು ಮರ್ಜ್ ಮಾಡುವ ತನಕ ಏನೂ ಬದಲಾಗುವುದಿಲ್ಲ ಎಂಬುದನ್ನು ಮರೆಯದೆ ಹೇಳಿ. ಬಟನ್ ಒತ್ತಿ ‘ಆಯ್ತು’ ಎಂದು ಬರೆದು ಮನೆಗೆ ಹೋಗುವ ತಪ್ಪು ಸಾಮಾನ್ಯ.

ಇದೇ ಜಾತಿಯ ಇನ್ನೊಂದು ಪದ ‘ಆಫ್‌ಲೈನ್’. ಐದನೇ ಸಾಲಿನಲ್ಲಿ ಲೀಡ್ ಹೇಳಿದ್ದು ‘ಎಕ್ಸ್‌ಪೋರ್ಟ್ ವಿಷಯವನ್ನು ಇಲ್ಲಿ ಬೇಡ, ಆಮೇಲೆ ಬೇರೆಯಾಗಿ ಮಾತಾಡೋಣ’ ಎಂದು. ಸರ್ವರ್ ಬಳಸಿ ಅಭ್ಯಾಸ ಇರುವ ಹೊಸಬರಿಗೆ ‘ಎಕ್ಸ್‌ಪೋರ್ಟ್ ಸೌಲಭ್ಯವನ್ನು ಬಂದ್ ಮಾಡಿ’ ಎಂದು ಕೇಳಿಸುತ್ತದೆ. ಗಿರಣಿಯವರು ತೂಕದ ಪಟ್ಟಿ ಇಳಿಸಿಕೊಳ್ಳುವ ಬಟನ್ ಕೆಲಸದ ದಿನದ ನಡುವೆ ಬಂದ್ ಆದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

‘ಬ್ಲಾಕ್ಡ್’ ಎಂದರೆ ಫೋನಿನಲ್ಲಿ ನಂಬರ್ ಬ್ಲಾಕ್ ಮಾಡಿದ ಹಾಗಲ್ಲ. ಬೇರೆ ಯಾರೋ ಪಾಸ್‌ವರ್ಡ್, ಅನುಮತಿ ಅಥವಾ ಉತ್ತರ ಕೊಡದ ಹೊರತು ನಿಮ್ಮ ಕೆಲಸ ಮುಂದೆ ಹೋಗುವುದಿಲ್ಲ ಎಂಬ ಸ್ಥಿತಿ. ಕಷ್ಟ ಎನಿಸುತ್ತಿದೆ ಎಂದ ಮಾತ್ರಕ್ಕೆ ಬ್ಲಾಕ್ಡ್ ಅಲ್ಲ. ಈ ವ್ಯತ್ಯಾಸ ಹೇಳಿಕೊಡಿ, ಯಾಕೆಂದರೆ ಬ್ಲಾಕ್ಡ್ ಎಂದು ಬರೆದರೆ ಲೀಡ್ ತಕ್ಷಣ ಕೇಳುವ ಪ್ರಶ್ನೆ, ‘ಯಾರಿಂದ?’

‘ಫೈರ್ ಡ್ರಿಲ್’ ನಮ್ಮ ಕಡೆ ವಿಶೇಷವಾಗಿ ತಪ್ಪಾಗುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಸುತ್ತ ಬೆಳೆದವರಿಗೆ ಅದು ಸೈರನ್ ಕೂಗಿಸಿ, ಎಲ್ಲರನ್ನೂ ಹೊರಗೆ ಕರೆದು ನಡೆಸುವ ಅಗ್ನಿ ಅಣಕು ಕಾರ್ಯಾಚರಣೆ. ಲೀಡ್ ಹೇಳುತ್ತಿರುವುದು ‘ಎಲ್ಲ ಬಿಟ್ಟು ಓಡಿಬರುವಂಥ ತುರ್ತೇನಿಲ್ಲ’ ಎಂದು. ಪ್ಲಾಂಟಿನಲ್ಲಿ ಕೆಲಸ ಮಾಡಿ ಬಂದವರಿಗೆ ‘ಶಟ್‌ಡೌನ್’ ಎಂಬ ಪದವನ್ನೂ ಹೀಗೇ ಬಿಡಿಸಿ ಹೇಳಬೇಕು. ಅಲ್ಲಿ ಅದು ದುರಸ್ತಿಗೆ ದಿನಗಟ್ಟಲೆ ಘಟಕ ನಿಲ್ಲಿಸುವುದು, ಇಲ್ಲಿ ಕಂಪ್ಯೂಟರ್ ಆರಿಸುವುದು.

‘ಪುಶ್’ ಈ ಮೆಸೇಜಿನಲ್ಲಿ ಇಲ್ಲದಿದ್ದರೂ ದಿನಾ ಬರುವ ಪದ. ಕೋಡ್ ಪುಶ್ ಎಂದರೆ ಈಗಲೇ ಕಳಿಸುವುದು, ತಾರೀಕು ಪುಶ್ ಎಂದರೆ ಮುಂದಕ್ಕೆ ಹಾಕುವುದು. ‘ಪುಶ್ ಇಟ್ ಟು ಮಂಡೇ’ ಓದಿ ಈಗಲೇ ಕಳಿಸಿಬಿಟ್ಟರೆ ಲೀಡ್ ಹೇಳಿದ್ದಕ್ಕೆ ಪೂರಾ ಉಲ್ಟಾ.

ಹಂತ 3: ಹೊತ್ತನ್ನು ಗಂಟೆಗೆ ಇಳಿಸಿ

ಇಒಡಿ ಎಂದರೆ ದಿನದ ಕೊನೆ. ಯಾರ ದಿನದ ಕೊನೆ? ಇದನ್ನು ಬಿಡಿಸದೆ ‘ಇವತ್ತು ಸಂಜೆಯೊಳಗೆ’ ಎಂದು ಹೇಳುವುದು ಅರ್ಧ ಅನುವಾದ. ಲೀಡ್ ಹೈದರಾಬಾದಿನಲ್ಲಿದ್ದು ಆರಕ್ಕೆ ಕೆಲಸ ಮುಗಿಸುವವರಾದರೆ ಇಒಡಿ ಸಂಜೆ 6. ರಾತ್ರಿ ಒಂಬತ್ತರವರೆಗೆ ಕೆಲಸ ಮಾಡುವವರಾದರೆ ಅವರ ಲೆಕ್ಕವೇ ಬೇರೆ. ಒಂದು ಸಲ ಕೇಳಿ ತಿಳಿದುಕೊಂಡು ಬರೆದಿಟ್ಟುಕೊಳ್ಳಿ.

ಲೀಡ್ ಅಥವಾ ಕ್ಲೈಂಟ್ ಹೊರದೇಶದಲ್ಲಿದ್ದರೆ ಲೆಕ್ಕ ಮಾಡಲೇಬೇಕು. ನ್ಯೂಯಾರ್ಕಿನ ಸಂಜೆ 6 ಗಂಟೆ ಎಂದರೆ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಗಿನ ಜಾವ 3:30, ಚಳಿಗಾಲದಲ್ಲಿ 4:30. ಲಂಡನ್ನಿನ ಸಂಜೆ 6 ಎಂದರೆ ಬೇಸಿಗೆಯಲ್ಲಿ ನಮ್ಮ ರಾತ್ರಿ 10:30, ಚಳಿಗಾಲದಲ್ಲಿ 11:30. ಅವರು ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ. ಬ್ರಿಟನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರಗಳಂದು. ಆ ವಾರಗಳಲ್ಲಿ ಮೀಟಿಂಗಿಗೆ ಒಂದು ಗಂಟೆ ಮುಂಚೆಯೋ ತಡವಾಗಿಯೋ ಸೇರುವುದು ಹೊಸಬರಿಗೆ ಖಾಯಂ ತೊಂದರೆ.

ಅಂದ ಮೇಲೆ ‘ಶುಕ್ರವಾರ ಇಒಡಿ, ನ್ಯೂಯಾರ್ಕ್ ಲೆಕ್ಕ’ ಎಂದು ಬಂದರೆ ಗಡುವು ನಮಗೆ ಶನಿವಾರ ನಸುಕಿಗೆ ಮುಗಿಯುತ್ತದೆ. ಆದರೆ ಹೊಸಬರಿಗೆ ಹೇಳುವಾಗ ‘ಶುಕ್ರವಾರ ನೀವು ಮನೆಗೆ ಹೋಗೋದ್ರೊಳಗೆ ಕಳಿಸಿಬಿಡಿ’ ಎಂದೇ ಹೇಳಿ. ನಸುಕಿನ ಗಡುವನ್ನು ನಂಬಿ ರಾತ್ರಿ ಕೂತರೆ ಸಹಾಯ ಕೇಳಲು ಆಫೀಸಿನಲ್ಲಿ ಯಾರೂ ಇರುವುದಿಲ್ಲ.

ಇಲ್ಲಿ ಕನ್ನಡದ ಕಡೆಯಿಂದಲೂ ಎರಡು ತೊಡಕು ಬರುತ್ತವೆ. ‘ಶುಕ್ರವಾರದೊಳಗೆ’ ಎಂದರೆ ಶುಕ್ರವಾರವೂ ಸೇರಿತೋ, ಗುರುವಾರಕ್ಕೇ ಮುಗಿಯಬೇಕೋ ಎಂಬುದು ಕೇಳಿದವರ ಮೇಲೆ ಬಿಟ್ಟದ್ದು. ‘ಶುಕ್ರವಾರದ ತನಕ’ ಎಂದರೆ ಅಲ್ಲಿಯವರೆಗೂ ಮಾಡುತ್ತಲೇ ಇರಬೇಕು ಎಂದಾಗುತ್ತದೆ, ಅದು ಗಡುವೇ ಅಲ್ಲ. ಎರಡನ್ನೂ ಬಿಟ್ಟು ವಾರ, ತಾರೀಕು, ಗಂಟೆ ಮೂರನ್ನೂ ಬರೆಯಿರಿ: ‘ಶುಕ್ರವಾರ, 14ನೇ ತಾರೀಕು, ಸಂಜೆ 6ಕ್ಕೆ ಮುಂಚೆ’. ತಾರೀಕನ್ನು 5/6 ಎಂದು ಬರೆದ ಮೆಸೇಜ್ ಬಂದರೆ, ಬರೆದವರು ಅಮೆರಿಕದವರಾದರೆ ಅದು ಮೇ 6, ನಮ್ಮವರಾದರೆ ಜೂನ್ 5. ಕನ್ನಡಕ್ಕೆ ತರುವಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಬಿಟ್ಟರೆ ಗೊಂದಲ ಉಳಿಯುವುದಿಲ್ಲ.

ಹಂತ 4: ಮಾತಿನ ಬಿಗಿ ಅಳೆಯಿರಿ

ಆಫೀಸಿನ ಇಂಗ್ಲಿಷಿನಲ್ಲಿ ಆಜ್ಞೆ ಬರುವುದು ಪ್ರಶ್ನೆಯ ವೇಷದಲ್ಲಿ. ‘ಕ್ಯಾನ್ ಯೂ’ ಎಂದು ಶುರುವಾದ ಸಾಲನ್ನು ‘ನಿಮ್ಮ ಕೈಲಿ ಆಗುತ್ತಾ?’ ಎಂದು ಕನ್ನಡಕ್ಕೆ ತಂದರೆ ‘ಇಲ್ಲ ಸರ್, ಇವತ್ತು ಬೇರೆ ಕೆಲಸ ಐತಿ’ ಎನ್ನಲು ಜಾಗ ಕೊಟ್ಟಂತಾಗುತ್ತದೆ. ಅಂಥ ಉತ್ತರ ಕೊಟ್ಟ ಹೊಸಬರದು ತಪ್ಪಲ್ಲ. ಕನ್ನಡದಲ್ಲಿ ಅದು ನಿಜವಾಗಿಯೂ ಪ್ರಶ್ನೆಯೇ. ಲೀಡ್ ಹೇಳಿದ್ದು ಮಾತ್ರ ‘ಮಾಡಿ’ ಎಂದು. ಈ ವಿಷಯದಲ್ಲಿ ನಮ್ಮ ಕಡೆಯ ಮಾತಿನಲ್ಲಿ ಒಂದು ಅನುಕೂಲವಿದೆ: ‘ಮಾಡ್ರಿ’ ಎನ್ನುವಲ್ಲಿ ಮರ್ಯಾದೆಯೂ ಇದೆ, ಕೆಲಸ ಆಗಲೇಬೇಕೆಂಬ ಬಿಗಿಯೂ ಇದೆ. ನೇರ ಬಾಯಿಮಾತಿನಲ್ಲಿ ಹೇಳುವಾಗ ಅದನ್ನೇ ಬಳಸಿ.

‘ಮೈಟ್ ವಾಂಟ್ ಟು’ ಇನ್ನೂ ಮೋಸ ಮಾಡುತ್ತದೆ. ಪದಕ್ಕೆ ಪದ ಇಟ್ಟರೆ ‘ಬೇಕೆನಿಸಿದರೆ ಮಾಡಬಹುದು’. ಲೀಡ್ ಬಾಯಿಂದ ಬಂದಾಗ ಬಹುತೇಕ ಅದರ ಅರ್ಥ ‘ಮೊದಲು ಇದನ್ನೇ ಮಾಡಿ, ಬೇಡ ಎನ್ನಲು ಕಾರಣ ಇದ್ದರೆ ಹೇಳಿ’. ನಮ್ಮ ಮೆಸೇಜಿನಲ್ಲಿ ‘ಫಸ್ಟ್’ ಎಂಬ ಪದವೂ ಇರುವುದರಿಂದ ಸಂಶಯವೇ ಬೇಡ, ಇದು ಕ್ರಮ ಹೇಳುವ ಮಾತು: ಕಾರಣ ಹುಡುಕುವ ಮುಂಚೆ ಸ್ಟೇಜಿಂಗನ್ನು ಸರಿ ಸ್ಥಿತಿಗೆ ತನ್ನಿ.

ನಿಜಕ್ಕೂ ಐಚ್ಛಿಕವಾದ ಮಾತುಗಳೂ ಇವೆ. ‘ನಿಟ್’ ಎಂದು ಶುರುವಾದ ಟಿಪ್ಪಣಿ ಸಣ್ಣ ಕುಂದು, ಅದಕ್ಕಾಗಿ ಕೆಲಸ ನಿಲ್ಲುವುದಿಲ್ಲ. ‘ನೈಸ್ ಟು ಹ್ಯಾವ್’ ಎಂದರೆ ಉಳಿದದ್ದೆಲ್ಲ ಮುಗಿದ ಮೇಲೆ ಹೊತ್ತಿದ್ದರೆ ಮಾತ್ರ. ಇವನ್ನು ಬಿಗಿಯಾಗಿ ಅನುವಾದಿಸಿದರೆ ಹೊಸಬರು ಬಟನ್ನಿನ ಬಣ್ಣ ಸರಿಮಾಡುತ್ತಾ ಕೂತು ಮುಖ್ಯ ಕೆಲಸ ಹಾಗೇ ಉಳಿಯುತ್ತದೆ.

‘ಲೆಟ್ಸ್’ ಮತ್ತು ‘ವಿ ನೀಡ್ ಟು’ ಬಂದಾಗ ಯಾರು ಎಂಬುದೇ ಮಾಯ. ‘ನಾವು ಶೀಟ್ ಅಪ್‌ಡೇಟ್ ಮಾಡಬೇಕು’ ಎಂದು ಕನ್ನಡದಲ್ಲಿ ಹೇಳಿದರೆ ಎಲ್ಲರೂ ಬೇರೆಯವರು ಮಾಡುತ್ತಾರೆ ಎಂದುಕೊಳ್ಳುತ್ತಾರೆ. ಮೆಸೇಜ್ ಒಬ್ಬರಿಗೇ ಬಂದಿದ್ದರೆ ಆ ‘ನಾವು’ ಎಂದರೆ ‘ನೀವು’. ಗುಂಪಿನಲ್ಲಿ ಬಂದಿದ್ದರೆ ನೀವು ಹೆಸರು ತುಂಬಬೇಡಿ, ಲೀಡ್ ತುಂಬಲಿ.

ಹಂತ 5: ಹಾಗೇ ಬಿಡಬೇಕಾದ ಪದಗಳು

ಹೊಸಬರು ಸ್ಕ್ರೀನಿನ ಮೇಲೆ ಹುಡುಕಬೇಕಾದ ಯಾವ ಪದವನ್ನೂ ಕನ್ನಡ ಮಾಡಬೇಡಿ. ಸ್ಟೇಜಿಂಗ್, ಪ್ರಾಡ್, ಬ್ರಾಂಚ್, ಮರ್ಜ್, ಟಿಕೆಟ್‌ನ ಸ್ಥಿತಿ ತೋರಿಸುವ ಪದಗಳು ಇವೆಲ್ಲ ಹಾಗೇ ಇರಲಿ. ‘ವೇದಿಕೆ’, ‘ಶಾಖೆ’ ಎಂದು ಹೇಳಿಕೊಟ್ಟರೆ ನಾಳೆ ಮೆನುವಿನಲ್ಲಿ ಅದನ್ನು ಹುಡುಕಿ ಸಿಗದೆ ಮತ್ತೆ ನಿಮ್ಮ ಹತ್ತಿರವೇ ಬರುತ್ತಾರೆ. ಬದಲಿಗೆ ಒಂದು ಸಲ ಸರಳವಾಗಿ ವಿವರಿಸಿ: ಪ್ರಾಡ್ ಎಂದರೆ ಗಿರಣಿಯವರು ದಿನಾ ಬಳಸುವ ಅಸಲಿ ವ್ಯವಸ್ಥೆ, ಸ್ಟೇಜಿಂಗ್ ಎಂದರೆ ಅದರಂತೆಯೇ ಇರುವ, ನಾವು ಪರೀಕ್ಷೆಗೆ ಇಟ್ಟುಕೊಂಡ ನಕಲು, ಕ್ಯೂಎ ಎಂದರೆ ಪರೀಕ್ಷಿಸಿ ನೋಡುವ ತಂಡ.

ಆರ್‌ಸಿಎ ಎಂಬುದನ್ನೂ ಹಾಗೇ ಬಿಡಿ, ಆದರೆ ಅದರಲ್ಲಿ ಏನೇನು ಬರೆಯಬೇಕೆಂದು ಹೇಳಿಕೊಡಿ. ಏನು ತಪ್ಪಾಗಿ ಕಾಣುತ್ತಿದೆ, ಯಾವಾಗಿನಿಂದ, ಯಾವ ಬದಲಾವಣೆಯಿಂದ, ಅದು ಯಾಕೆ ಪರೀಕ್ಷೆಯಲ್ಲಿ ಸಿಕ್ಕಲಿಲ್ಲ, ಮತ್ತೆ ಆಗದಂತೆ ಏನು ಮಾಡುತ್ತೇವೆ. ಇಷ್ಟಕ್ಕೆ ಒಂದೊಂದು ಸಾಲು ಸಾಕು. ‘ಟೇಕ್ ಎ ಸ್ಟ್ಯಾಬ್’ ಎಂದಿರುವುದರಿಂದ ಲೀಡ್‌ಗೆ ಬೇಕಾಗಿರುವುದು ಮೊದಲ ಪ್ರಯತ್ನ, ಪೂರ್ತಿ ತನಿಖಾ ವರದಿಯಲ್ಲ. ‘ಖಚಿತವಾಗಿಲ್ಲ, ಹೀಗಿರಬಹುದು’ ಎಂದು ಬರೆದರೂ ನಡೆಯುತ್ತದೆ. ಇದನ್ನು ಹೇಳದಿದ್ದರೆ ಹೊಸಬರು ಪೂರ್ತಿ ಖಚಿತವಾಗುವ ತನಕ ಕಾದು ಗಡುವು ದಾಟಿಸುತ್ತಾರೆ.

ಹಂತ 6: ಕನ್ನಡದಲ್ಲಿ ಬರೆಯಿರಿ

ಮೂಲ ಮೆಸೇಜಿನ ಸಾಲುಗಳ ಕ್ರಮವನ್ನು ಅನುಸರಿಸಬೇಕಿಲ್ಲ. ಕೆಲಸ ಮಾಡಬೇಕಾದ ಕ್ರಮದಲ್ಲಿ ಬರೆಯಿರಿ. ಮೂಲವನ್ನು ಮೇಲೆ ಹಾಗೇ ಇಟ್ಟು, ಕೆಳಗೆ ಹೀಗೆ:

> ವೇಬ್ರಿಡ್ಜ್ ರಿಪೋರ್ಟ್ ಸರಿ ಬರ್ತಿಲ್ಲ ಅಂತ ಕ್ಲೈಂಟ್ ಮತ್ತೊಮ್ಮೆ ದೂರು ಕೊಟ್ಟಾರ. ನಿನ್ನೆ ಸೇರಿಸಿದ ಪಿಆರ್‌ನಿಂದ ಹಿಂಗಾಗಿರಬಹುದು ಅನ್ನೋದು ಲೀಡ್ ಅಂದಾಜು. ಪ್ರಾಡ್ ಚೆನ್ನಾಗೈತಿ, ಅದನ್ನ ಮುಟ್ಟಬ್ಯಾಡ್ರಿ. ಗಾಬರಿ ಬೀಳೋದೂ ಬೇಕಿಲ್ಲ.
>
> ಮೊದಲು: ನಿನ್ನೆಯ ಆ ಪಿಆರ್ ಅನ್ನು ಸ್ಟೇಜಿಂಗ್‌ನಲ್ಲಿ ಮಾತ್ರ ರಿವರ್ಟ್ ಮಾಡ್ರಿ.
> ಆಮೇಲೆ: ಟಿಕೆಟ್‌ನಲ್ಲಿ ಕ್ಯೂಎಯವರ ಹೆಸರು ಸೇರಿಸಿ, ರಿಪೋರ್ಟ್ ಈಗ ಸರಿ ಬರ್ತದೇನು ನೋಡಿ ಅಂತ ಕೇಳ್ರಿ.
> ಇವತ್ತು ಸಂಜೆ 6ಕ್ಕೆ ಮುಂಚೆ: ಯಾಕ ಹಿಂಗಾತು ಅಂತ ನಾಲ್ಕೈದು ಸಾಲಿನ ಆರ್‌ಸಿಎ ಬರೆದು ಲೀಡ್‌ಗೆ ಕಳಿಸ್ರಿ. ಅದು ಮೊದಲ ಕರಡು ಆದರೂ ಸಾಕು.
>
> ಬೇರೆ ರಿಪೋರ್ಟ್‌ಗಳನ್ನ ಇವತ್ತು ನೋಡೋದು ಬ್ಯಾಡ. ಎಕ್ಸ್‌ಪೋರ್ಟ್ ವಿಷಯ ಈ ಥ್ರೆಡ್‌ನಲ್ಲಿ ಬ್ಯಾಡ, ಲೀಡ್ ಬೇರೆಯಾಗಿ ಮಾತಾಡ್ತಾರ. ಎಕ್ಸ್‌ಪೋರ್ಟ್ ಬಂದ್ ಮಾಡಬ್ಯಾಡ್ರಿ.
> ಅನುಮತಿ ಸಿಗದೆ ಕೆಲಸ ನಿಂತರೆ ತಡಮಾಡದೆ ಲೀಡ್‌ಗೇ ಮೆಸೇಜ್ ಹಾಕ್ರಿ.

ಇದರಲ್ಲಿ ಎರಡು ಮಾತು ಮೂಲದಲ್ಲಿ ಇಲ್ಲ: ‘ಪ್ರಾಡ್ ಮುಟ್ಟಬ್ಯಾಡ್ರಿ’ ಮತ್ತು ‘ಎಕ್ಸ್‌ಪೋರ್ಟ್ ಬಂದ್ ಮಾಡಬ್ಯಾಡ್ರಿ’. ತಪ್ಪು ಅರ್ಥಕ್ಕೆ ದಾರಿ ಇರುವ ಕಡೆ ಇಂಥ ಎಚ್ಚರಿಕೆ ಸೇರಿಸುವುದು ಸರಿ. ಆದರೆ ಹೊಸ ಕೆಲಸ ಸೇರಿಸುವುದು ಸರಿಯಲ್ಲ. ‘ಹಾಗೇ ಕ್ಲೈಂಟಿಗೂ ಒಂದು ಮೇಲ್ ಹಾಕಿ’ ಎಂದು ನೀವು ಒಳ್ಳೆಯ ಉದ್ದೇಶದಿಂದ ಸೇರಿಸಿದರೂ ಅದು ಲೀಡ್ ಹೇಳಿದ್ದೆಂದೇ ಹೊಸಬರು ತಿಳಿಯುತ್ತಾರೆ. ನಿಮ್ಮ ಸಲಹೆ ಇದ್ದರೆ ‘ಇದು ನನ್ನ ಮಾತು’ ಎಂದು ಬೇರೆ ಸಾಲಿನಲ್ಲಿ ಬರೆಯಿರಿ.

ಹಂತ 7: ಹೊಸಬರಿಂದಲೇ ಖಾತ್ರಿ ಮಾಡಿಸಿ

ನಿಮ್ಮ ಅನುವಾದ ಸರಿಯೋ ತಪ್ಪೋ ಹೇಳಬೇಕಾದವರು ಲೀಡ್, ನೀವಲ್ಲ. ಕೆಲಸ ಶುರು ಮಾಡುವ ಮುಂಚೆ ಹೊಸಬರ ಹೆಸರಿನಿಂದಲೇ ಒಂದು ಚಿಕ್ಕ ಉತ್ತರ ಹೋಗಲಿ:

```
Confirming: 1) revert yesterday's PR, staging only
2) tag QA on the ticket
3) RCA draft to you by 6 PM IST today
No change on prod. Starting now.
```

ಇದು ಪ್ರಶ್ನೆಯಲ್ಲ, ಆದ್ದರಿಂದ ಲೀಡ್ ಬಿಡುವಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ತಪ್ಪಿದ್ದರೆ ಅವರು ನೋಡಿದ ಕೂಡಲೇ ತಡೆಯುತ್ತಾರೆ. ಎರಡು ಅರ್ಥ ಬರುವಂತೆ ಯಾವ ಪದವನ್ನೂ ಇಲ್ಲಿ ಮತ್ತೆ ಬಳಸಬಾರದು ಎಂಬುದನ್ನು ಗಮನಿಸಿ. ಉತ್ತರ ಕೊಡುವ ಅರ್ಥದ ರಿವರ್ಟ್ ಹೋಗಿ ಅಲ್ಲಿ ‘ಡ್ರಾಫ್ಟ್ ಟು ಯೂ’ ಬಂದಿದೆ, ಇಒಡಿ ಹೋಗಿ 6 ಗಂಟೆ ಬಂದಿದೆ.

ಲೀಡ್ ಪದಗಳಲ್ಲಿ ಉತ್ತರಿಸದೆ ಹೆಬ್ಬೆರಳಿನ ಚಿಹ್ನೆ ಒತ್ತಬಹುದು. ಕೆಲವು ಟೀಮ್‌ಗಳಲ್ಲಿ ಅದು ‘ಒಪ್ಪಿದೆ’, ಕೆಲವು ಕಡೆ ‘ನೋಡಿದೆ’ ಅಷ್ಟೇ. ಕಣ್ಣಿನ ಚಿಹ್ನೆ ಬಂದರೆ ‘ನೋಡುತ್ತಿದ್ದೇನೆ’ ಎಂದು, ಒಪ್ಪಿಗೆ ಎಂದಲ್ಲ. ಪ್ರಾಡ್ ಮುಟ್ಟುವ ಯಾವ ಕೆಲಸಕ್ಕೂ ಚಿಹ್ನೆಯನ್ನು ಅನುಮತಿ ಎಂದು ಎಣಿಸದಿರಲು ಹೇಳಿ. ಅಲ್ಲಿ ಬರೆದ ಮಾತೇ ಬೇಕು.

ನೀವು ಕನ್ನಡಕ್ಕೆ ತರಬಾರದ ಮೆಸೇಜುಗಳು

ಸಂಬಳ, ರಜೆ ಕಡಿತ, ಎಚ್ಚರಿಕೆ ಪತ್ರ, ನೋಟಿಸ್ ಅವಧಿ ಇಂಥ ವಿಷಯ ಬಂದಾಗ ನೀವು ಅಂದಾಜಿನಲ್ಲಿ ಅರ್ಥ ಹೇಳಬೇಡಿ. ‘ಪಿಐಪಿ’ ಎಂದರೆ ಕೆಲಸದ ಗುಣಮಟ್ಟ ಸುಧಾರಿಸಲು ಗಡುವು ಕೊಡುವ ವಿಧಿ, ಅದರ ಪರಿಣಾಮ ಕೆಲಸ ಹೋಗುವವರೆಗೂ ಇರಬಹುದು. ಇಂಥದ್ದನ್ನು ಎಚ್‌ಆರ್‌ನವರೇ ಎದುರಿಗೆ ಕೂರಿಸಿ ವಿವರಿಸಬೇಕು, ಬೇಕಾದರೆ ನೀವು ಪಕ್ಕದಲ್ಲಿ ಕೂತು ಮಾತು ದಾಟಿಸಿ. ಪಾಸ್‌ವರ್ಡ್, ಓಟಿಪಿ ಇರುವ ಮೆಸೇಜನ್ನಂತೂ ಹೊಸಬರು ನಿಮಗೆ ತೋರಿಸಲೇಬಾರದು.

ಹಂತ 8: ಹಾಳೆ ಇಟ್ಟುಕೊಳ್ಳಿ

ಬಂದ ಪದಗಳನ್ನು ಒಂದು ಹಂಚಿಕೊಂಡ ಶೀಟಿನಲ್ಲಿ ಬರೆಸಿ, ಬರೆಯುವವರು ಹೊಸಬರೇ ಆಗಿರಲಿ. ನಾಲ್ಕು ಕಾಲಂ ಸಾಕು: ಪದ, ಅದು ಬಂದ ಪೂರ್ತಿ ಸಾಲು, ಈ ಲೀಡ್ ಹೇಳುವ ಅರ್ಥ, ನಾನು ಮಾಡಬೇಕಾದದ್ದು. ಎರಡನೇ ಕಾಲಂ ಬಿಟ್ಟು ಬರೀ ಪದದ ಪಟ್ಟಿ ಮಾಡಿದರೆ ರಿವರ್ಟ್‌ನಂಥ ಪದಕ್ಕೆ ಒಂದೇ ಅರ್ಥ ಗಟ್ಟಿಯಾಗಿ ಕೂತುಬಿಡುತ್ತದೆ. ‘ಈ ಲೀಡ್’ ಎಂಬುದೂ ಮುಖ್ಯ, ಯಾಕೆಂದರೆ ‘ಪಾರ್ಕ್ ಇಟ್’, ಅಂದರೆ ಸದ್ಯಕ್ಕೆ ಬದಿಗಿಡಿ, ಎಂದ ಒಬ್ಬ ಲೀಡ್ ಮುಂದಿನ ವಾರ ನೆನಪಿಟ್ಟು ಕೇಳುತ್ತಾರೆ, ಇನ್ನೊಬ್ಬರು ಅದನ್ನು ಕೈಬಿಟ್ಟೇ ಬಿಟ್ಟಿರುತ್ತಾರೆ. ‘ಬೈವೀಕ್ಲಿ’ ಒಬ್ಬರಿಗೆ ವಾರಕ್ಕೆರಡು ಸಲ, ಮತ್ತೊಬ್ಬರಿಗೆ ಎರಡು ವಾರಕ್ಕೊಮ್ಮೆ.

ಶೀಟಿನಲ್ಲಿ ಒಂದಷ್ಟು ಸಾಲು ತುಂಬಿದ ಮೇಲೆ ಕ್ರಮ ಬದಲಿಸಿ. ಮೆಸೇಜ್ ಬಂದಾಗ ಮೊದಲು ಹೊಸಬರೇ ಕನ್ನಡದಲ್ಲಿ ಮೂರು ಭಾಗ ಮಾಡಿ ಬರೆಯಲಿ, ನೀವು ಹೊತ್ತು, ಬಿಗಿ, ಎರಡು ಅರ್ಥದ ಪದ ಈ ಮೂರನ್ನು ಮಾತ್ರ ತಿದ್ದಿ. ಮಿಕ್ಕ ಪದ ಒಂದೆರಡು ತಪ್ಪಿದ್ದರೂ ಆ ಹೊತ್ತಿಗೆ ಬಿಡಿ, ಸಂಜೆ ಶೀಟಿನಲ್ಲಿ ಸರಿಮಾಡಿದರಾಯಿತು.